ಎಸಿಯಿಂದ ಮನೆಯೊಳಗೆ ನೀರು: ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆಗೆ ಕೂಡಿಸುವ ಸ್ಪ್ಲಿಟ್ ಎಸಿಯಿಂದ ಕೋಣೆಯೊಳಗೆ ನೀರು ಬೀಳುವ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಇಂಥ ಸೋರಿಕೆಯಲ್ಲಿ ಹೆಚ್ಚಿನವಕ್ಕೆ ಕಾರಣ ಎರಡೇ: ಕಟ್ಟಿಕೊಂಡ ಡ್ರೇನ್ ಪೈಪ್, ಇಲ್ಲವೆ ಧೂಳು ತುಂಬಿದ ಫಿಲ್ಟರ್. ಉಳಿದ ಕಾರಣಗಳು ಕೊನೆಯ ಭಾಗದಲ್ಲಿವೆ.

## ಮೊದಲು ತಿಳಿಯಬೇಕಾದ್ದು

ಎಸಿಗೆ ನಾವು ನೀರೇ ಹಾಕಂಗಿಲ್ಲ. ಕೂಲರ್ ಅಂದ್ರ ತಿಳೀತದ, ಇದರಾಗ ಇಷ್ಟು ನೀರು ಎಲ್ಲಿಂದ ಬರ್ತದ?

ಕೋಣೆಯ ಗಾಳಿಯಿಂದಲೇ ಬರುತ್ತದೆ. ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ಸ್ಟೀಲ್ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರೆ ಅದರ ಹೊರಮೈ ಬೆವರುವುದನ್ನು ನೋಡಿರುತ್ತೀರಿ. ಎಸಿಯ ಒಳಗಿನ ಕಾಯಿಲ್ ಕೂಡ ಹಾಗೆಯೇ, ಸುಮಾರು 10 ಡಿಗ್ರಿಯಷ್ಟು ತಣ್ಣಗಿರುತ್ತದೆ. ಕೋಣೆಯ ಗಾಳಿ ಅದನ್ನು ಹಾದು ಹೋಗುವಾಗ ಗಾಳಿಯ ತೇವ ಕಾಯಿಲಿನ ತೆಳು ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಹನಿಗಟ್ಟಿ ಕೆಳಗಿನ ಟ್ರೇಗೆ ಇಳಿಯುತ್ತದೆ. ಟ್ರೇಯಿಂದ ಬೆರಳು ಗಾತ್ರದ ಒಂದು ಪೈಪ್ ಗೋಡೆಯ ರಂಧ್ರದ ಮೂಲಕ ಹೊರಗೆ ಹೋಗುತ್ತದೆ. ಮನೆಗಳಲ್ಲಿರುವ ಸಾಮಾನ್ಯ ಸ್ಪ್ಲಿಟ್ ಎಸಿಯಲ್ಲಿ ಈ ನೀರನ್ನು ತಳ್ಳುವ ಪಂಪ್ ಇಲ್ಲ. ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗಬೇಕು. ಮುಂದೆ ಹೇಳುವ ಅರ್ಧದಷ್ಟು ತೊಂದರೆಗಳ ಮೂಲ ಇದೇ.

ಮಳೆಗಾಲದ ತೇವದ ರಾತ್ರಿಯಲ್ಲಿ ಒಂದೂವರೆ ಟನ್ನಿನ ಎಸಿ ಪೂರ್ತಿ ಓಡಿದರೆ ಗಂಟೆಗೆ 1ರಿಂದ 2 ಲೀಟರ್ ನೀರು ಇಳಿಸುತ್ತದೆ. ಬೆಳಗಾಗುವಷ್ಟರಲ್ಲಿ ಒಂದು ಕೊಡ ತುಂಬಬಹುದು. ನೀರು ಬರುವುದು ಎಸಿ ಕೆಟ್ಟಿದ್ದರ ಗುರುತಲ್ಲ. ಹೊರಗೆ ಬೀಳಬೇಕಾದ ನೀರು ಒಳಗೆ ಬಿದ್ದರೆ ಮಾತ್ರ ಹುಡುಕಬೇಕು.

ಏಪ್ರಿಲ್, ಮೇ ತಿಂಗಳದಾಗ ಹಗಲು ರಾತ್ರಿ ನಡೀತು, ಒಂದು ಹನಿ ಸೋರಲಿಲ್ಲ. ಮಳಿ ಚಾಲೂ ಆದ ಮ್ಯಾಲೇ ಯಾಕ ಸೋರ್ಲಾಕತ್ತದ?

ನಮ್ಮ ಭಾಗದ ಎಸಿಗಳ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಉತ್ತರ ಏನೆಂದರೆ, ತೊಂದರೆ ಹುಟ್ಟುವುದು ಬೇಸಿಗೆಯಲ್ಲಿ, ಕಾಣುವುದು ಮಳೆಗಾಲದಲ್ಲಿ.

ಕಲಬುರಗಿಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಒಣ ಗಾಳಿಯಲ್ಲಿ ಹಿಂಡುವುದಕ್ಕೆ ನೀರೇ ಕಡಿಮೆ, ಹೀಗಾಗಿ ಡ್ರೇನ್ ಪೈಪಿನಲ್ಲಿ ಹನಿ ಹನಿಯಾಗಿ ಮಾತ್ರ ಹರಿಯುತ್ತದೆ. ಅದೇ ಹೊತ್ತಿಗೆ ಧೂಳು ವಿಪರೀತ. ಎರೆಹೊಲದ ಕರಿಮಣ್ಣಿನ ಪುಡಿ, ದಾಲ್ ಮಿಲ್ಲುಗಳ ಸುತ್ತ ತೊಗರಿ ಹೊಟ್ಟಿನ ಪುಡಿ, ಸೇಡಂ, ವಾಡಿ ಕಡೆಯಾದರೆ ಸಿಮೆಂಟ್ ಧೂಳು. ದೊಡ್ಡ ಕಣಗಳು ಫಿಲ್ಟರಿನಲ್ಲಿ ನಿಲ್ಲುತ್ತವೆ, ಸಣ್ಣವು ಜಾಳಿಗೆ ದಾಟಿ ತೇವದ ಕಾಯಿಲಿಗೆ ಅಂಟಿ, ಅಲ್ಲಿಂದ ಟ್ರೇಗೆ ಇಳಿಯುತ್ತವೆ. ಹರಿವು ಕಡಿಮೆಯಿರುವುದರಿಂದ ಕೊಚ್ಚಿಹೋಗದೆ ಅಲ್ಲೇ ಕೆಸರಾಗಿ ಕೂರುತ್ತವೆ. ಕೆಸರು ಪೈಪಿನ ಮುಕ್ಕಾಲು ಭಾಗ ಮುಚ್ಚಿದ್ದರೂ ಬೇಸಿಗೆಯ ಹನಿಗಳಿಗೆ ಉಳಿದ ಕಾಲು ಭಾಗವೇ ಸಾಕಾಗುತ್ತದೆ.

ಜೂನ್‌ನಲ್ಲಿ ಗಾಳಿ ತೇವವಾದಾಗ ನೀರು ಒಮ್ಮೆಲೇ ಹಲವು ಪಟ್ಟು ಹೆಚ್ಚುತ್ತದೆ. ಆ ಕಾಲು ಭಾಗದ ದಾರಿ ಸಾಲದೆ ಟ್ರೇ ತುಂಬಿ ಅಂಚಿನಿಂದ ಹೊರಬೀಳುತ್ತದೆ. ಆದ್ದರಿಂದ ಡ್ರೇನ್ ಸ್ವಚ್ಛ ಮಾಡಿಸಲು ಸರಿಯಾದ ಸಮಯ ಮೇ ಕೊನೆಯ ವಾರ. ಬಹಳ ಮಂದಿ ಫೆಬ್ರುವರಿಯಲ್ಲಿ ಒಂದು ಸರ್ವಿಸ್ ಮಾಡಿಸಿ ವರ್ಷದ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಧೂಳಿನ ಮೂರು ತಿಂಗಳು ಬರುವುದೇ ಅದಾದ ಮೇಲೆ.

ಸೋರೂದು ಕಂಡ ಕೂಡಲೇ ಎಸಿ ಬಂದ್ ಮಾಡಬೇಕೇನ್ರಿ? ಶಾಕ್ ಹೊಡೀತದೇನು?

ಬಂದ್ ಮಾಡಿರಿ. ರಿಮೋಟಿನಿಂದ ಅಲ್ಲ, ಎಂಸಿಬಿಯಿಂದ. ನಮ್ಮ ಮನೆಗಳಲ್ಲಿ ಸ್ಟೆಬಿಲೈಸರನ್ನು ಎಸಿಯ ನೇರ ಕೆಳಗೆ ಅಥವಾ ಪಕ್ಕದಲ್ಲೇ ಹೊಡೆದಿರುತ್ತಾರೆ, ಸ್ವಿಚ್ ಬೋರ್ಡೂ ಅಲ್ಲೇ ಇರುತ್ತದೆ. ಸೋರಿದ ನೀರು ಗೋಡೆ ಹಿಡಿದು ನೇರ ಅದರೊಳಗೆ ಇಳಿಯಬಹುದು. ಸ್ಟೆಬಿಲೈಸರ್ ಮೇಲೆ ಹನಿ ಕಂಡರೆ ಅದರ ಸ್ವಿಚ್ ಮುಟ್ಟದೆ ಮನೆಯ ಮುಖ್ಯ ಬೋರ್ಡಿನಲ್ಲಿರುವ ಎಸಿಯ ಎಂಸಿಬಿ ಇಳಿಸಿ, ಪೂರ್ತಿ ಒಣಗುವವರೆಗೆ ಚಾಲೂ ಮಾಡಬೇಡಿ. ಎದುರು ನಿಂತು ನೋಡಿದರೆ ಹೆಚ್ಚಿನ ಎಸಿಗಳ ಸರ್ಕ್ಯೂಟ್ ಬೋರ್ಡ್ ಬಲಬದಿಯಲ್ಲಿರುತ್ತದೆ. ಬಲಮೂಲೆಯಿಂದಲೇ ಸೋರುತ್ತಿದ್ದರೆ ಇನ್ನೂ ಎಚ್ಚರ ಬೇಕು.

## ಡ್ರೇನೋ, ಫಿಲ್ಟರೋ: ಗುರುತು ಹಿಡಿಯುವುದು

ಪೈಪ್ ಕಟ್ಟ್ಯದೋ ಫಿಲ್ಟರ್ ಹೊಲಸಾಗ್ಯದೋ, ಮೆಕ್ಯಾನಿಕ್ ಬರೂದ್ಕಿಂತ ಮೊದಲು ಮನ್ಯಾಗ ಹ್ಯಾಂಗ ತಿಳಕೋಬೇಕು?

ಮೂರು ಸಂಗತಿ ನೋಡಿರಿ.

ಮೊದಲು ಹೊರಗೆ ಹೋಗಿ ಪೈಪಿನ ತುದಿ ನೋಡಿರಿ. ಮಳೆಗಾಲದಲ್ಲಿ ಎಸಿ ಅರ್ಧ ಗಂಟೆ ಓಡಿದ ಮೇಲೆ ಅಲ್ಲಿ ಹನಿ ಬೀಳುತ್ತಿರಬೇಕು. ಒಳಗೆ ಸೋರುತ್ತಿದ್ದು ಹೊರಗಿನ ತುದಿ ಒಣಗಿದ್ದರೆ ದಾರಿ ಎಲ್ಲೋ ಕಟ್ಟಿದೆ. ಆಮೇಲೆ ಎಸಿಯ ಬಾಯಿಗೆ ಕೈ ಹಿಡಿಯಿರಿ. ಗಾಳಿ ಮೊದಲಿನ ಹಾಗೆ ಜೋರಾಗಿ, ತಣ್ಣಗೆ ಬರುತ್ತಿದ್ದರೆ ಫಿಲ್ಟರ್, ಕಾಯಿಲ್ ಸರಿ ಇವೆ ಎಂದರ್ಥ, ಅನುಮಾನ ಪೈಪಿನ ಮೇಲೆಯೇ. ಗಾಳಿ ಮಂದವಾಗಿದ್ದು, ಕೋಣೆ ತಣ್ಣಗಾಗಲು ಹೊತ್ತು ಹಿಡಿಯುತ್ತಿದ್ದರೆ ಫಿಲ್ಟರ್ ನೋಡಬೇಕು.

ಮೂರನೆಯದು, ನೀರು ಬೀಳುವ ಹೊತ್ತು. ಪೈಪ್ ಕಟ್ಟಿದ್ದರೆ ಎಸಿ ಓಡುತ್ತಿರುವಾಗಲೇ, ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಒಂದೇ ಸಮನೆ, ಹೆಚ್ಚಾಗಿ ಒಂದೇ ಮೂಲೆಯಿಂದ ಬೀಳುತ್ತದೆ. ಕಾಯಿಲ್ ಮೇಲೆ ಬರ್ಫ ಕಟ್ಟಿದ್ದರೆ ಓಡುವಾಗ ಸುಮ್ಮನಿದ್ದು, ಬಂದ್ ಮಾಡಿದ ಮೇಲೆ ಅಥವಾ ಕರೆಂಟ್ ಹೋದಾಗ ಒಮ್ಮೆಲೇ ಉದ್ದಕ್ಕೂ ಸುರಿಯುತ್ತದೆ. ಮತ್ತೆ ಚಾಲೂ ಮಾಡಿದಾಗ ಬಾಯಿಯಿಂದ ಹನಿಗಳು ಸಿಡಿಯುವುದೂ ಉಂಟು. ರಾತ್ರಿಯೆಲ್ಲ ಒಣಗಿದ್ದ ಹಾಸಿಗೆ ಬೆಳಗಿನ ಜಾವ ಕರೆಂಟ್ ಹೋಗಿ ಬಂದ ಮೇಲೆ ತೊಯ್ದಿದ್ದರೆ ಪೈಪಿಗಿಂತ ಮೊದಲು ಫಿಲ್ಟರ್ ತೆಗೆದು ನೋಡಿರಿ.

ಫಿಲ್ಟರ್ ಹೊಲಸಾದ್ರ ಗಾಳಿ ಕಮ್ಮಿ ಆಗ್ತದ, ಅದು ಸರಿ. ಆದ್ರ ನೀರು ಯಾಕ ಸೋರಬೇಕು?

ಕಾಯಿಲಿನೊಳಗೆ ಹರಿಯುವ ಗ್ಯಾಸ್ ಕೋಣೆಯ ಗಾಳಿಯಿಂದ ಶಾಖ ಎಳೆದುಕೊಳ್ಳುತ್ತದೆ. ಗಾಳಿ ಸಾಕಷ್ಟು ಬರುತ್ತಿದ್ದರೆ ಕಾಯಿಲ್ ಹತ್ತು ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. ಫಿಲ್ಟರ್ ಮುಚ್ಚಿಹೋದಾಗ ಗಾಳಿಯ ಜೊತೆ ಬರುವ ಶಾಖವೂ ಕಡಿಮೆಯಾಗಿ, ಕಾಯಿಲ್ ಇನ್ನೂ ತಣ್ಣಗಾಗುತ್ತ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆಗ ಹನಿಯಾಗಿ ಇಳಿಯಬೇಕಾದ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಪಟ್ಟಿಗಳ ಸಂದನ್ನು ಮುಚ್ಚುತ್ತದೆ, ಗಾಳಿ ಮತ್ತಷ್ಟು ಕಡಿಮೆಯಾಗುತ್ತದೆ, ಬರ್ಫ ಮತ್ತಷ್ಟು ದಪ್ಪವಾಗುತ್ತದೆ. ಇದನ್ನು ತಡೆಯಲು ಕಾಯಿಲಿಗೆ ಸೆನ್ಸರ್ ಇರುತ್ತದೆ, ಕಾಯಿಲ್ ತೀರಾ ತಣ್ಣಗಾದರೆ ಕಂಪ್ರೆಸರ್ ನಿಲ್ಲಿಸಬೇಕು. ಆದರೆ ಸೆನ್ಸರ್ ತನ್ನ ಜಾಗದಿಂದ ಜಾರಿದ್ದರೆ ಅಥವಾ ಬರ್ಫ ಬೇರೆ ತುದಿಯಿಂದ ಕಟ್ಟಲು ಶುರುವಾದರೆ ಅದಕ್ಕೆ ಗೊತ್ತಾಗುವುದು ತಡ.

ಟ್ರೇ ಇರುವುದು ಕಾಯಿಲಿನ ಕೆಳಗೆ ಕಿರಿದಾದ ಕಾಲುವೆಯ ಹಾಗೆ. ಕಾಯಿಲಿನಿಂದ ನೇರ ಕೆಳಗೆ ಇಳಿದ ನೀರು ಮಾತ್ರ ಅದರಲ್ಲಿ ಬೀಳುತ್ತದೆ. ಹೊರಗೆ ಉಬ್ಬಿ ಬೆಳೆದ ಬರ್ಫ ಕರಗಿದಾಗ ಹನಿಗಳು ಟ್ರೇಯ ಆಚೆ, ಬ್ಲೋವರ್ ಮೇಲೆ ಬೀಳುತ್ತವೆ, ಬ್ಲೋವರ್ ಅವನ್ನು ಬಾಯಿಯಿಂದ ಹೊರಗೆ ಎಸೆಯುತ್ತದೆ. ಅದೂ ಅಲ್ಲದೆ ಗಂಟೆಗಟ್ಟಲೆ ಕಟ್ಟಿದ ಬರ್ಫ ಕೆಲವೇ ನಿಮಿಷಗಳಲ್ಲಿ ಕರಗಿದರೆ ಸ್ವಚ್ಛವಾದ ಪೈಪಿಗೂ ಅಷ್ಟು ನೀರು ಎಳೆಯಲಾಗುವುದಿಲ್ಲ.

ಬರ್ಫ ಕಂಡರೆ ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಒಳಗಿನ ಕೊಳವೆ ತೂತಾದರೆ ಗ್ಯಾಸೆಲ್ಲ ಹೋಗುತ್ತದೆ. ಕೆಳಗೆ ಬಕೆಟ್ ಇಟ್ಟು, ರಿಮೋಟಿನಲ್ಲಿ ಫ್ಯಾನ್ ಮೋಡ್ ಹಾಕಿ ಒಂದೆರಡು ಗಂಟೆ ಬಿಡಿ. ಹನಿಗಳು ಸಿಡಿದು ಸ್ಟೆಬಿಲೈಸರ್ ಕಡೆ ಬರುತ್ತಿದ್ದರೆ ಎಂಸಿಬಿ ಇಳಿಸಿ ತಾನಾಗಿ ಕರಗಲು ಬಿಡುವುದೇ ಒಳ್ಳೆಯದು.

## ಮನೆಯಲ್ಲೇ ಮಾಡಬಹುದಾದ್ದು

ಫಿಲ್ಟರ್ ತೊಳಿಯೂದು ಹ್ಯಾಂಗ? ಎಷ್ಟು ದಿನಕ್ಕೊಮ್ಮೆ?

ಎಂಸಿಬಿ ಇಳಿಸಿ, ಮುಂದಿನ ಮುಚ್ಚಳದ ಎರಡೂ ಬದಿ ಹಿಡಿದು ಮೇಲಕ್ಕೆ ಎತ್ತಿರಿ. ಎರಡು ಜಾಳಿಗೆ ಫಿಲ್ಟರ್ ಕಾಣುತ್ತವೆ. ಪ್ರತಿಯೊಂದರ ಕೆಳಗಿನ ಹಿಡಿಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಬಿಡಿಸಿ, ಕೆಳಗೆ ಎಳೆದರೆ ಹೊರಬರುತ್ತದೆ. ಮೊದಲು ಒಣಗಿದ್ದಾಗಲೇ ಮನೆಯ ಹೊರಗೆ ಮೆಲ್ಲಗೆ ಬಡಿದು ಧೂಳು ಉದುರಿಸಿ. ಆಮೇಲೆ ಧೂಳು ಕೂತ ಮುಖ ಕೆಳಗಾಗಿ ಹಿಡಿದು, ಹಿಂಬದಿಯಿಂದ ನಲ್ಲಿ ನೀರು ಬಿಡಿ. ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಮುಂದಿನಿಂದ ನೀರು ಹೊಡೆದರೆ ಜಾಳಿಗೆಯ ಕಣ್ಣಿನೊಳಗೆ ಇನ್ನೂ ಬಿಗಿಯಾಗಿ ಕೂರುತ್ತದೆ. ಅಡುಗೆ ಮನೆಯ ಜಿಡ್ಡು ಇದ್ದರೆ ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಸಾಕು. ಉಗುರುಬೆಚ್ಚಗಿನ ನೀರು ಸರಿ, ಕುದಿಯುವ ನೀರಿಗೆ ಫಿಲ್ಟರಿನ ಚೌಕಟ್ಟು ಸೊಟ್ಟಾಗುತ್ತದೆ. ಒಣಗಿಸುವುದು ನೆರಳಿನಲ್ಲಿ. ನಮ್ಮ ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಇಟ್ಟರೆ ಪ್ಲಾಸ್ಟಿಕ್ ಬಾಗಿ, ಮತ್ತೆ ಕೂರಿಸಿದಾಗ ಸಂದು ಬಿಡುತ್ತದೆ, ಆ ಸಂದಿನಿಂದ ಧೂಳು ನೇರ ಕಾಯಿಲಿಗೆ.

ದಿನಕ್ಕೆ ಎಂಟು ಗಂಟೆ ಓಡುವ ಎಸಿಗೆ 15 ದಿನಕ್ಕೊಮ್ಮೆ ತೊಳೆಯಿರಿ. ಡಾಂಬರಿಲ್ಲದ ರಸ್ತೆಯ ಮನೆ, ಮಿಲ್ಲಿನ ಹತ್ತಿರದ ಮನೆ, ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಿರುವ ಮನೆಗೆ ವಾರಕ್ಕೊಮ್ಮೆ. ಗುರುತು ಸುಲಭ: ಫಿಲ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಆಚೆಯ ಬೆಳಕು ಸಲೀಸಾಗಿ ಕಾಣದಿದ್ದರೆ ತೊಳೆಯುವ ಹೊತ್ತಾಗಿದೆ.

ಪೈಪ್ ಕಟ್ಟಿದ್ದು ಬಿಡಿಸೂದು ಹ್ಯಾಂಗ? ನಮ್ಮ ಹುಡುಗ ಸೈಕಲ್ ಪಂಪ್ ಹಚ್ಚಿ ಹೊರಗಿಂದ ಊದ್ತೀನಿ ಅಂತಾನ.

ಹೊರಗಿನಿಂದ ಊದಬೇಡಿರಿ. ಕಟ್ಟಿದ ಕೆಸರು ವಾಪಸ್ ಟ್ರೇಗೆ ಹೋಗುತ್ತದೆ, ಅದರ ಜೊತೆಗೆ ನಿಂತ ನೀರು ಹಾಸಿಗೆ ಮೇಲೆ ಬೀಳುತ್ತದೆ. ಎರಡು ದಿನ ಸರಿಯಾದಂತೆ ಕಂಡು ಅದೇ ಕೆಸರು ಮತ್ತೆ ಇಳಿದು ಅದೇ ಜಾಗದಲ್ಲಿ ಕಟ್ಟುತ್ತದೆ. ಇನ್ನೂ ಕೆಟ್ಟದ್ದೆಂದರೆ, ಒತ್ತಡಕ್ಕೆ ಗೋಡೆಯೊಳಗಿನ ಪೈಪಿನ ಜೋಡಣೆ ಕಳಚಿದರೆ ನೀರು ಗೋಡೆಯೊಳಗೇ ಇಳಿಯಲು ಶುರುವಾಗುತ್ತದೆ. ತಿಂಗಳ ನಂತರ ಗಿಲಾವ್ ಉಬ್ಬಿದಾಗಲೇ ಅದು ಗೊತ್ತಾಗುವುದು.

ಸರಿಯಾದ ರೀತಿ ಹೊರಗಿನ ತುದಿಯಿಂದ ಎಳೆಯುವುದು. ಮೊದಲು ಎಂಸಿಬಿ ಇಳಿಸಿ, ತುದಿ ನೋಡಿರಿ. ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರುವುದು ಇಲ್ಲಿ ಬಹಳ ಸಾಮಾನ್ಯ. ಚಳಿಗಾಲವಿಡೀ ಎಸಿ ಬಂದ್ ಇದ್ದಾಗ ಆ ಒಣ ಕೊಳವೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹಾಗಿದ್ದರೆ ಕಡ್ಡಿಯಿಂದ ಹೊರಕ್ಕೆ ಕೆದರಿ ತೆಗೆಯಿರಿ, ಒಳಕ್ಕೆ ತಳ್ಳಬೇಡಿ. ತುದಿಯಲ್ಲಿ ಏನೂ ಇಲ್ಲದಿದ್ದರೆ ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಬೇಕು. ಬರೀ ಒಣ ಕಸಕ್ಕೆ ಮಾಡಿದ್ದನ್ನು ಬಳಸಿದರೆ ಅದರ ಮೋಟಾರ್ ಸುಡುತ್ತದೆ. ಅದರ ಬಾಯಿಯನ್ನು ಪೈಪಿನ ತುದಿಗೆ ಹಿಡಿದು, ಸುತ್ತ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ ಗಾಳಿ ಸೋರದಂತೆ ಮಾಡಿ, ಒಂದೆರಡು ನಿಮಿಷ ಎಳೆಯಿರಿ. ಸ್ವಲ್ಪ ಬಿಟ್ಟು ಇನ್ನೆರಡು ಸಲ ಎಳೆಯಿರಿ. ಕಪ್ಪು ಕೆಸರು, ಜೆಲ್ಲಿಯಂಥ ಲೋಳೆ ಬರುತ್ತದೆ. ಈ ಲೋಳೆ ಧೂಳು ತಿಂದು ಬೆಳೆದ ಬೂಸ್ಟು ಮತ್ತು ಸೂಕ್ಷ್ಮಜೀವಿಗಳು. ಪೈಪನ್ನು ನಿಜಕ್ಕೂ ಬಂದ್ ಮಾಡುವುದು ಬರೀ ಮಣ್ಣಲ್ಲ, ಮಣ್ಣನ್ನು ಹಿಡಿದಿಡುವ ಈ ಅಂಟು.

ಆಮೇಲೆ ಪರೀಕ್ಷೆ. ಎಂಸಿಬಿ ಇಳಿದೇ ಇರಲಿ. ಫಿಲ್ಟರ್ ತೆಗೆದು, ಸರ್ಕ್ಯೂಟ್ ಬೋರ್ಡ್ ಇರುವ ಬದಿ ಬಿಟ್ಟು ಇನ್ನೊಂದು ಬದಿಯಲ್ಲಿ, ಕಾಯಿಲಿನ ಮೇಲೆ ಒಂದು ಲೋಟ ನೀರನ್ನು ನಿಧಾನವಾಗಿ ಹರಿಸಿ. ಒಬ್ಬರು ಹೊರಗೆ ತುದಿಯ ಕೆಳಗೆ ಪಾತ್ರೆ ಹಿಡಿದಿರಲಿ. ನೀರು ಹೊರಗೆ ಬಂತು ಅಂದ ಮೇಲೇ ಇನ್ನೊಂದು ಲೋಟ. ಹೀಗೆ ಐದು ಲೋಟ, ಅಂದರೆ ಸುಮಾರು 1 ಲೀಟರ್. ಟ್ರೇಯಲ್ಲಿ ಉಳಿಯುವ ಸ್ವಲ್ಪ ಬಿಟ್ಟು ಎಲ್ಲವೂ ಒಂದೆರಡು ನಿಮಿಷದಲ್ಲಿ ಹೊರಗೆ ಬರಬೇಕು. ತಟಕು ತಟಕಾಗಿ, ಗುಳುಗುಳು ಸದ್ದಿನೊಂದಿಗೆ ಬಂದರೆ ಕೆಸರು ಇನ್ನೂ ಇದೆ, ಇಲ್ಲವೆ ಪೈಪಿನಲ್ಲಿ ಎಲ್ಲೋ ಗಾಳಿ ಸಿಕ್ಕಿಕೊಂಡಿದೆ. ಮೆಕ್ಯಾನಿಕ್ ಬಂದು ಕೆಲಸ ಮುಗಿಸಿದಾಗಲೂ ಈ ಒಂದು ಲೀಟರಿನ ಪರೀಕ್ಷೆ ಮಾಡಿಸದೆ ಕಳಿಸಬೇಡಿ.

ಸಂಡಾಸ್ ತೊಳಿಯೂ ಆಸಿಡ್ ಹಾಕಿದ್ರ ಪೈಪ್ ಬೇಗ ಬಿಡ್ತದಂತಲ್ಲ?

ಬೇಡ. ಆ ಆಸಿಡ್ ಅಲ್ಯೂಮಿನಿಯಂ ಪಟ್ಟಿಗಳನ್ನು ತಿನ್ನುತ್ತದೆ, ಅದರ ಹೊಗೆಯೇ ಸಾಕು. ಬ್ಲೀಚಿಂಗ್ ನೀರಿನ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ, ಅದೂ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಲೋಳೆ ಗಟ್ಟಿಯಾಗಿದ್ದರೆ ಮೆಕ್ಯಾನಿಕ್ ಮುಂದಿನ ಬಾಡಿ ಬಿಚ್ಚಿ ಟ್ರೇ ಕಾಣುವಂತಾದಾಗ ಅರ್ಧ ಲೋಟ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಟ್ರೇಗೆ ಮಾತ್ರ ಹಾಕಿ, ಅರ್ಧ ಗಂಟೆ ಬಿಟ್ಟು, ಒಂದು ಲೀಟರ್ ನೀರಿನಿಂದ ತೊಳೆದರೆ ಸಾಕು.

ಪೈಪಿನ ತುದಿ ಬಕೆಟ್‌ನ್ಯಾಗ ಇಟ್ಟೀವಿ, ನೀರು ಹಾಳಾಗಬಾರದು ಅಂತ. ಅದಕ್ಕೇನಾರ ಸೋರ್ತದೇನು?

ನೀರು ಹಿಡಿಯುವುದು ಒಳ್ಳೆಯದೇ. ಆದರೆ ತುದಿ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಪೈಪಿನಲ್ಲಿರುವ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಮೇಲಿನಿಂದ ಇಳಿಯುವ ತೆಳುವಾದ ಹರಿವಿಗೆ ಅದನ್ನು ತಳ್ಳುವ ಭಾರವೂ ಇಲ್ಲ, ಟ್ರೇ ತುಂಬುತ್ತದೆ. ಬಕೆಟಿನ ಅಂಚಿಗಿಂತ ನಾಲ್ಕು ಬೆರಳು ಮೇಲೆ ತುದಿ ತೂಗುವಂತೆ ಕಟ್ಟಿರಿ. ಬಚ್ಚಲಿನ ಚರಂಡಿ ಪೈಪಿನೊಳಗೆ ತುದಿಯನ್ನು ನೇರವಾಗಿ ತುರುಕಿದರೂ ಇದೇ ತೊಂದರೆ, ಜೊತೆಗೆ ಚರಂಡಿಯ ವಾಸನೆ ಎಸಿಯಿಂದ ಕೋಣೆಗೆ ಬರುತ್ತದೆ.

ಈ ನೀರು ಗಿಡಕ್ಕೆ, ನೆಲ ಒರೆಸಲು, ಕೂಲರಿಗೆ ಆಗುತ್ತದೆ. ಕುಡಿಯಲು ಬೇಡ. ಇನ್ವರ್ಟರ್ ಬ್ಯಾಟರಿಗೂ ಬೇಡ. ನೋಡಲು ತಿಳಿಯಾಗಿದ್ದರೂ ಕಾಯಿಲಿನ ಲೋಹದ ಅಂಶ ಮತ್ತು ಧೂಳನ್ನು ಹೊತ್ತು ಬಂದಿರುತ್ತದೆ, ಡಿಸ್ಟಿಲ್ಡ್ ನೀರಿಗೆ ಸಮವಲ್ಲ.

## ಹಟ ಹಿಡಿದ ಸೋರಿಕೆ

ಯಾದಗಿರಿಯಿಂದ: ಮೂರು ಸಲ ಸರ್ವಿಸ್ ಮಾಡಿಸೀವಿ. ಹದಿನೈದು ದಿನ ಸುಮ್ಮನಿರ್ತದ, ಮತ್ತ ಎಡಮೂಲಿಯಿಂದ ಸೋರ್ತದ. ಎಸಿನೇ ಬದಲಿ ಮಾಡ್ರಿ ಅಂತಾರ.

ಬದಲಿಸುವ ಮೊದಲು ಪೈಪ್ ಹೋಗುವ ದಾರಿಯನ್ನು ಅಳೆಯಬೇಕು. ಇವರು ಕೊಟ್ಟ ವಿವರ ಹೀಗಿದೆ. ಒಂದೂವರೆ ಟನ್ ಎಸಿ, ಮೊದಲ ಮಹಡಿಯ ಮಲಗುವ ಕೋಣೆ, ತಂಪು ಚೆನ್ನಾಗಿದೆ, ಗಾಳಿ ಜೋರಾಗಿದೆ, ಫಿಲ್ಟರ್ ಸ್ವಚ್ಛವಿದೆ. ಲೋಟದ ಪರೀಕ್ಷೆಯಲ್ಲಿ ಮೂರನೇ ಲೋಟಕ್ಕೇ ಎಡಮೂಲೆಯಿಂದ ನೀರು ಬಿತ್ತು, ಹೊರಗೆ ಹತ್ತು ನಿಮಿಷದಲ್ಲಿ ಒಂದು ಲೋಟವೂ ಬರಲಿಲ್ಲ. ಹೊರಗೆ ಸುಮಾರು 4 ಮೀಟರ್ ಮೆತ್ತನೆಯ ಸುರುಳಿ ಪೈಪ್. ಅದು ಗೋಡೆಯಿಂದ ಹೊರಬಂದು ಸಜ್ಜಾದ ಮೇಲೆ ಮಲಗಿದೆ, ಸಜ್ಜಾದ ಅಂಚಿನ ದಿಂಡನ್ನು ಹತ್ತಿ ಇಳಿದಿದೆ.

ಅಂಚಿನ ದಿಂಡು ಎರಡೇ ಬೆರಳು ಎತ್ತರ ಇದ್ದರೂ ಅದರ ಹಿಂದೆ ಪೈಪಿನ ಹೊಟ್ಟೆಯಲ್ಲಿ ನೀರು ಸದಾ ನಿಂತಿರುತ್ತದೆ. ನಿಂತ ನೀರಿನಲ್ಲಿ ಕೆಸರು ತಳ ಹಿಡಿಯುತ್ತದೆ, ಲೋಳೆ ಬೆಳೆಯುತ್ತದೆ. ಸುರುಳಿ ಪೈಪಿನ ಒಳಮೈಯ ಗೆರೆಗಳು ಅದಕ್ಕೆ ಇನ್ನಷ್ಟು ಹಿಡಿತ ಕೊಡುತ್ತವೆ. ಪ್ರತಿ ಸರ್ವಿಸಿನಲ್ಲೂ ಆ ಹೊಟ್ಟೆ ಖಾಲಿಯಾಗುತ್ತದೆ, ಹದಿನೈದು ದಿನಕ್ಕೆ ಮತ್ತೆ ತುಂಬುತ್ತದೆ. ಮೂರು ಸರ್ವಿಸ್ ಆದರೂ ಪೈಪಿನ ಹಾದಿ ಬದಲಾಗಲಿಲ್ಲ, ಸೋರಿಕೆಯೂ ನಿಲ್ಲಲಿಲ್ಲ.

ಪರಿಹಾರ: ಗೋಡೆಯ ಹೊರಗಿನ ಭಾಗಕ್ಕೆ ಒಳಮೈ ನುಣುಪಾದ ಪಿವಿಸಿ ಪೈಪ್ ಹಾಕಿಸಿ. ಅದರ ಒಳ ಅಳತೆ ಎಸಿಯ ಪೈಪಿಗಿಂತ ಕಡಿಮೆ ಇರಬಾರದು. ಪ್ರತಿ ಒಂದು ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್ ಇಳಿಜಾರು ಬೇಕು, 2 ಇದ್ದರೆ ಇನ್ನೂ ಚೆನ್ನ. ಪೈಪ್ ಜೋತುಬೀಳದಂತೆ ಎರಡೆರಡು ಫೂಟಿಗೆ ಕ್ಲ್ಯಾಂಪ್ ಹೊಡೆಸಿ. ದಿಂಡನ್ನು ಹತ್ತಿಸದೆ, ಪೈಪನ್ನು ಸಜ್ಜಾದ ಮೇಲ್ಗಡೆ ಗೋಡೆಗುಂಟ ಪಕ್ಕಕ್ಕೆ ತೆಗೆದು ಇಳಿಸಬೇಕು. ಇಷ್ಟು ಮಾಡಿ ಲೋಟದ ಪರೀಕ್ಷೆಯಲ್ಲಿ ಐದೂ ಲೋಟ ಸಲೀಸಾಗಿ ಹೊರಬಂದರೆ ಎಸಿ ಬದಲಿಸುವ ಮಾತೇ ಇಲ್ಲ. ಆಮೇಲೂ ಎಡಮೂಲೆ ತೊಟ್ಟಿಕ್ಕಿದರೆ ಮುಂದಿನ ಉತ್ತರದಲ್ಲಿರುವ ರಬ್ಬರ್ ಬಿರಡೆ ನೋಡಿಸಿ.

ಸರ್ವಿಸ್ ಮಾಡಿಸಿದ ಮರುದಿನಾನೇ ಸೋರ್ಲಾಕತ್ತದ. ಮೊದಲು ಚಂದ ಇತ್ತಲ್ರಿ!

ಇದು ಎಸಿ ಕೆಟ್ಟಿದ್ದಲ್ಲ, ಕೆಲಸ ಅರ್ಧಕ್ಕೆ ನಿಂತದ್ದು. ಪ್ರೆಷರ್ ಪಂಪಿನಿಂದ ಕಾಯಿಲ್ ತೊಳೆದಾಗ ಅದರ ಮೇಲಿದ್ದ ಧೂಳೆಲ್ಲ ಒಮ್ಮೆಲೇ ಟ್ರೇಗೆ ಇಳಿಯುತ್ತದೆ. ಟ್ರೇ ಮತ್ತು ಪೈಪನ್ನು ಬೇರೆಯಾಗಿ ತೊಳೆಯದೆ ಬಿಟ್ಟರೆ ಆ ಕೆಸರೇ ಮೊದಲ ರಾತ್ರಿ ಬಾಯಿ ಕಟ್ಟುತ್ತದೆ. ಇನ್ನೊಂದು ಕಾರಣ ರಬ್ಬರ್ ಬಿರಡೆ. ಬಹಳ ಎಸಿಗಳ ಟ್ರೇಗೆ ಎಡಕ್ಕೊಂದು, ಬಲಕ್ಕೊಂದು ಎರಡು ಬಾಯಿ ಇರುತ್ತವೆ. ಒಂದಕ್ಕೆ ಪೈಪ್, ಇನ್ನೊಂದಕ್ಕೆ ಬಿರಡೆ. ಸ್ವಚ್ಛ ಮಾಡಲು ತೆಗೆದ ಬಿರಡೆಯನ್ನು ಪೂರ್ತಿ ಒತ್ತದೆ ಬಿಟ್ಟರೆ ಪೈಪ್ ಇಲ್ಲದ ಮೂಲೆಯಿಂದ ಸೋರುತ್ತದೆ. ಹೊರಗೆ ಪೈಪಿನ ತುದಿಯಲ್ಲೂ ನೀರು ಬರುತ್ತಿದ್ದು ಒಳಗೆ ವಿರುದ್ಧ ಮೂಲೆ ತೊಟ್ಟಿಕ್ಕುತ್ತಿದ್ದರೆ ಮೊದಲು ಕೇಳಬೇಕಾದ್ದು ಇದನ್ನೇ.

ಮೆಕ್ಯಾನಿಕ್ ಗ್ಯಾಸ್ ಕಮ್ಮಿ ಆಗ್ಯದ, ತುಂಬಿದ್ರ ಸೋರೂದು ನಿಲ್ತದ ಅಂತಾನ. ನಂಬಬೇಕೇನು?

ಗ್ಯಾಸ್ ಕಡಿಮೆಯಾದರೂ ಬರ್ಫ ಕಟ್ಟುತ್ತದೆ ಎನ್ನುವುದು ನಿಜ. ಆದರೆ ತಂಪು ಚೆನ್ನಾಗಿದ್ದು ಬರೀ ನೀರು ಸೋರುತ್ತಿದ್ದರೆ ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲು ಫಿಲ್ಟರ್ ತೊಳೆದು, ಬರ್ಫ ಪೂರ್ತಿ ಕರಗಿಸಿ, ಮತ್ತೆ ಚಾಲೂ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ನೋಡಿರಿ. ಬರ್ಫ ಮತ್ತೆ ಕಟ್ಟಿದರೆ ಎಲ್ಲಿ ಕಟ್ಟಿದೆ ಎಂಬುದು ಮುಖ್ಯ. ಗಾಳಿಯ ಕೊರತೆಯಾದರೆ ಕಾಯಿಲಿನ ಬಹುಭಾಗ ಬೆಳ್ಳಗಾಗಿ, ಔಟ್‌ಡೋರ್ ಯೂನಿಟ್ಟಿನ ಹತ್ತಿರದ ದಪ್ಪ ತಾಮ್ರದ ಪೈಪಿನವರೆಗೂ ತಂಪು ಬರುತ್ತದೆ. ಗ್ಯಾಸಿನ ಕೊರತೆಯಾದರೆ ಕಾಯಿಲಿನ ಒಂದು ಭಾಗ ಮಾತ್ರ ಬೆಳ್ಳಗಾಗಿ ಉಳಿದದ್ದು ಒಣಗಿರುತ್ತದೆ, ಹೊರಗೆ ತೆಳು ಪೈಪಿನ ವಾಲ್ವಿನ ಮೇಲೆ ಬರ್ಫದ ಪುಡಿ ಕಾಣುತ್ತದೆ.

ಇನ್ನೊಂದು ಗುರುತು ಥರ್ಮಾಮೀಟರಿನದು. ಎಸಿಯ ಮೇಲೆ ಒಳಹೋಗುವ ಗಾಳಿಗೂ ಬಾಯಿಯಿಂದ ಬರುವ ಗಾಳಿಗೂ 8ರಿಂದ 12 ಡಿಗ್ರಿ ಅಂತರವಿದ್ದರೆ ಗ್ಯಾಸಿನ ಮೇಲೆ ಸಂಶಯ ಪಡಲು ಕಾರಣವಿಲ್ಲ. ನಿಜಕ್ಕೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಗ್ಯಾಸ್ ಎಣ್ಣೆಯ ಹಾಗೆ ಸವೆಯುವ ವಸ್ತುವಲ್ಲ. ಸೋರುವ ಜಾಗ ಹುಡುಕಿ ಮುಚ್ಚದೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ದಾರಿಯಲ್ಲಿ ಹೋಗುತ್ತದೆ.

ಪೈಪ್ ಸರಿ ಅದ, ಫಿಲ್ಟರ್ ಸರಿ ಅದ, ಬರ್ಫ ಇಲ್ಲ. ಆದ್ರೂ ಗೋಡಿ ಹಸಿ ಆಗ್ತದ, ಬಾಯಿ ಮ್ಯಾಲಿನ ರೆಕ್ಕಿಯಿಂದ ಹನಿ ಬೀಳ್ತಾವ.

ಇವು ಎರಡು ಬೇರೆ ಬೇರೆ. ರೆಕ್ಕೆಯ ಹನಿ ಬೆವರು. ಮಳೆಗಾಲದಲ್ಲಿ ಕಿಟಕಿ, ಬಾಗಿಲು ತೆರೆದಿಟ್ಟು ಎಸಿ ಹಾಕಿದರೆ, ಅಥವಾ ಫ್ಯಾನನ್ನು ಕಡಿಮೆ ವೇಗದಲ್ಲಿಟ್ಟು 16 ಡಿಗ್ರಿಗೆ ಇಳಿಸಿದರೆ ಹೊರಗಿನ ತೇವದ ಗಾಳಿ ತಣ್ಣನೆಯ ರೆಕ್ಕೆಗೆ ತಾಗಿ ಹನಿಯಾಗುತ್ತದೆ. ಬಾಗಿಲು ಮುಚ್ಚಿ, 24 ಡಿಗ್ರಿಗೆ ಇಟ್ಟು, ಫ್ಯಾನ್ ವೇಗ ಹೆಚ್ಚಿಸಿದರೆ ಒಂದು ಗಂಟೆಯೊಳಗೆ ನಿಲ್ಲಬೇಕು.

ಗೋಡೆ ಹಸಿಯಾಗುವುದಕ್ಕೆ ಎರಡು ಕಾರಣ ಹುಡುಕಬೇಕು. ಕಾಯಿಲಿನ ಹಿಂದಿನ ಮಡಿಕೆಯ ನೀರಿಗೆ ಯೂನಿಟ್ಟಿನ ಬೆನ್ನಿನಲ್ಲಿ ಬೇರೆ ಒಂದು ಕಿರು ಕಾಲುವೆ ಇರುತ್ತದೆ, ಅದು ಬದಿಯಿಂದ ಸುತ್ತಿ ಮುಂದಿನ ಟ್ರೇಗೆ ಸೇರುತ್ತದೆ. ಅಲ್ಲಿ ಧೂಳು ಕಟ್ಟಿದರೆ ನೀರು ಹಿಂದಿನಿಂದ ಗೋಡೆ ಹಿಡಿದು ಇಳಿಯುತ್ತದೆ. ಮುಂದಿನಿಂದ ತೊಳೆಯುವ ಸರ್ವಿಸ್ ಅದನ್ನು ಮುಟ್ಟುವುದೇ ಇಲ್ಲ, ಯೂನಿಟ್ಟನ್ನು ಗೋಡೆಯಿಂದ ಸ್ವಲ್ಪ ಎಬ್ಬಿಸಿ ಅಥವಾ ಇಳಿಸಿ ಸ್ವಚ್ಛ ಮಾಡಬೇಕು. ಎರಡನೆಯದು ತಾಮ್ರದ ಪೈಪುಗಳ ಮೇಲಿನ ಕಪ್ಪು ಫೋಮ್ ಹರಿದಿರುವುದು. ಬರೀ ತಾಮ್ರ ಬೆವರಿ ಗೋಡೆಯ ರಂಧ್ರದ ಸುತ್ತ ತೇವ ಹರಡುತ್ತದೆ. ತೇವ ರಂಧ್ರದ ಹತ್ತಿರವೇ ಇದ್ದರೆ ಫೋಮ್, ಯೂನಿಟ್ಟಿನ ಬೆನ್ನಿನುದ್ದಕ್ಕೂ ಇದ್ದರೆ ಹಿಂದಿನ ಕಾಲುವೆ.

ಬೀದರಿನ ಹಳೇ ಮನಿ, ಎರಡು ಫೂಟಿನ ಕೆಂಪು ಕಲ್ಲಿನ ಗೋಡಿ. ಹೊಸಾ ಎಸಿ ಕೂಡಿಸೂಮುಂದ ಪೈಪಿನ ಸಲುವಾಗಿ ಏನು ಹೇಳಬೇಕು?

ಇಂಥ ದಪ್ಪ ಗೋಡೆಯಲ್ಲಿ ರಂಧ್ರವೇ ಎಲ್ಲಾ. ಒಳಗಿನ ಬಾಯಿಗಿಂತ ಹೊರಗಿನ ಬಾಯಿ ಒಂದೂವರೆಯಿಂದ ಎರಡು ಸೆಂಟಿಮೀಟರ್ ಕೆಳಗಿರಬೇಕು. ಕಲ್ಲು ಒಡೆದು ಕೊರೆಯುವಾಗ ರಂಧ್ರ ನಡುವೆ ತಗ್ಗಾಗಿ, ಹೊರಗೆ ಮತ್ತೆ ಏರಿರುತ್ತದೆ. ಕೊರೆದ ಮೇಲೆ ಪೈಪ್ ಹಾಕುವ ಮೊದಲೇ ಒಂದು ಲೋಟ ನೀರು ಒಳಗಿನಿಂದ ಸುರಿಸಿ, ಎಲ್ಲಾ ಹೊರಗೆ ಬಂತೇ ನೋಡಿರಿ. ಕಲ್ಲು ಸ್ವಲ್ಪ ಹೀರಿಕೊಳ್ಳುತ್ತದೆ, ಆದರೆ ನಡುವೆ ನಿಂತರೆ ಕೆಳಗಿನ ಕಲ್ಲು ಇನ್ನೂ ತೆಗೆಸಬೇಕು. ರಂಧ್ರದೊಳಗೆ ಒಂದು ಪಿವಿಸಿ ತೋಳು ಕೂರಿಸಿ ಅದರಲ್ಲಿ ಪೈಪುಗಳನ್ನು ಹಾಯಿಸಲು ಹೇಳಿರಿ. ತಾಮ್ರ, ವೈರ್, ಡ್ರೇನ್ ಮೂರನ್ನೂ ಟೇಪಿನಿಂದ ಸುತ್ತುವಾಗ ಡ್ರೇನ್ ಎಲ್ಲಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ತಾಮ್ರದ ಉಬ್ಬನ್ನು ಹತ್ತಿ ಇಳಿಯಬೇಕಾಗುತ್ತದೆ. ಗೋಡೆಯೊಳಗೆ ಡ್ರೇನ್ ಪೈಪಿನ ಜೋಡಣೆ ಇರಲೇಬಾರದು, ಅಷ್ಟು ಉದ್ದದ ಒಂದೇ ತುಂಡು ಬೇಕು.

ಯೂನಿಟ್ಟಿನ ಹಿಂದಿನ ಪತ್ರೆಯನ್ನು ಸ್ಪಿರಿಟ್ ಲೆವೆಲ್ ಇಟ್ಟು ಹೊಡೆಸಿ, ಛಾವಣಿಯ ಗೆರೆ ನೋಡಿ ಅಲ್ಲ. ಹಳೆಯ ಮನೆಗಳಲ್ಲಿ ಛಾವಣಿಯೇ ಸಮ ಇರುವುದಿಲ್ಲ. ಪೈಪ್ ಇರುವ ಬದಿ ಎರಡು ಮೂರು ಮಿಲಿಮೀಟರ್ ಕೆಳಗಿದ್ದರೆ ನಡೆಯುತ್ತದೆ, ಮೇಲಂತೂ ಇರಬಾರದು. ರಂಧ್ರದ ಸುತ್ತಲ ಸಂದನ್ನು ಸಿಮೆಂಟಿನಿಂದ ಮುಚ್ಚುವ ಮೊದಲು ಒಂದು ಲೀಟರಿನ ಪರೀಕ್ಷೆ ಮಾಡಿಸಿರಿ. ಮುಚ್ಚಿದ ಮೇಲೆ ತಪ್ಪು ಗೊತ್ತಾದರೆ ಕಲ್ಲನ್ನು ಮತ್ತೆ ಒಡೆಯಬೇಕಾಗುತ್ತದೆ.